30 ಜನರ ಸಣ್ಣ ಸ್ಟಡಿ, ಎಥಿಕ್ಸ್ ಕಮಿಟಿ ಸಮ್ಮರಿ ವಾಪಸ್ ಬಂದಿದೆ: ರಿಸ್ಕ್, ಕನ್ಸೆಂಟ್, ಪ್ರೈವೆಸಿ ಬಗ್ಗೆ ಏನು ಬರೀಬೇಕು?

ಪ್ರಶ್ನೆ: ನಮಸ್ತೆ ಮೇಡಂ, ನಾನು ಪಿಜಿ ಮಾಡ್ತಿದ್ದೀನಿ. ಹಾರ್ಟ್ ಫೇಲ್ಯೂರ್ ಆಗಿ ನಮ್ಮ ವಾರ್ಡಿಗೆ ಅಡ್ಮಿಟ್ ಆಗೋ 30 ಪೇಷಂಟ್‌ಗಳ ಮೇಲೆ ಸ್ಟಡಿ. 5 ಎಂಎಲ್ ರಕ್ತ ಎಕ್ಸ್ಟ್ರಾ ತಗೋತೀವಿ, ಡಿಪ್ರೆಶನ್ ಅಳೆಯೋ ಒಂಬತ್ತು ಪ್ರಶ್ನೆಗಳ ಹಾಳೆ ಪಿಎಚ್‌ಕ್ಯೂ-9 ತುಂಬಿಸ್ತೀವಿ, 3 ತಿಂಗಳಾದ್ಮೇಲೆ ಫೋನ್ ಮಾಡಿ ಅದೇ ಪ್ರಶ್ನೆಗಳನ್ನ ಮತ್ತೆ ಕೇಳ್ತೀವಿ, ಅಷ್ಟೇ. ಸಮ್ಮರಿಯಲ್ಲಿ "ಯಾವುದೇ ಅಪಾಯವಿಲ್ಲ, ಒಪ್ಪಿಗೆ ಪಡೆಯಲಾಗುವುದು, ಮಾಹಿತಿಯನ್ನು ಗೌಪ್ಯವಾಗಿ ಇಡಲಾಗುವುದು, ಡೇಟಾ ಅನಾನಿಮಸ್ ಆಗಿರುತ್ತದೆ" ಅಂತ ಬರೆದಿದ್ದೆ. ಕಮಿಟಿಯವರು "ವಿವರ ಸಾಲದು" ಅಂತ ವಾಪಸ್ ಕಳಿಸಿದ್ದಾರೆ. ಔಷಧಿ ಕೊಡೋ ಸ್ಟಡಿನೂ ಅಲ್ಲ, ಇದರಲ್ಲಿ ರಿಸ್ಕ್ ಅಂತ ಏನು ಬರೀಲಿ?

ಉತ್ತರ:

ನಿಮ್ಮ ಕೊನೇ ಸಾಲಿಂದಾನೇ ಶುರು ಮಾಡೋಣ, ಯಾಕಂದ್ರೆ ಕಮಿಟಿಯವರ ಕಣ್ಣು ಮೊದಲು ಬಿದ್ದಿರೋದು ಅಲ್ಲೇ. ಡೇಟಾ ಅನಾನಿಮಸ್ ಅಂದ್ರೆ ಯಾವ ಉತ್ತರ ಯಾರದ್ದು ಅಂತ ಯಾರಿಗೂ, ನಿಮಗೂ, ಗೊತ್ತಾಗೋ ದಾರಿನೇ ಇರಬಾರದು. ಹಾಗಿದ್ರೆ ಮೂರು ತಿಂಗಳಾದ್ಮೇಲೆ ಫೋನ್ ಯಾರಿಗೆ ಮಾಡ್ತೀರಿ, ಅವರ ಹೊಸ ಸ್ಕೋರನ್ನ ಹಳೇ ಸ್ಕೋರಿನ ಪಕ್ಕ ಹೇಗೆ ಕೂರಿಸ್ತೀರಿ? ನಿಮ್ಮದು ಅನಾನಿಮಸ್ ಅಲ್ಲ, ಕೋಡ್ ಹಾಕಿದ ಡೇಟಾ, ಅಂದ್ರೆ ಹೆಸರಿನ ಜಾಗದಲ್ಲಿ ಕೋಡ್ ಇರುತ್ತೆ, ಯಾವ ಕೋಡ್ ಯಾರದ್ದು ಅನ್ನೋ ಪಟ್ಟಿ ಬೇರೆ ಇರುತ್ತೆ. ಅದು ತಪ್ಪೇನಲ್ಲ, ಫಾಲೋಅಪ್ ಇರೋ ಸ್ಟಡಿಗಳೆಲ್ಲ ಹಾಗೇ ನಡೆಯೋದು. ಆದ್ರೆ ಇಲ್ಲದ್ದನ್ನ ಇದೆ ಅಂತ ಬರೆದಾಗ ಓದೋರಿಗೆ ಉಳಿದ ಮೂರು ಸಾಲಿನ ಮೇಲೂ ಅನುಮಾನ ಬರುತ್ತೆ.

ಎರಡನೇದು, ನಿಮ್ಮ ಸ್ಟಡಿಯಲ್ಲಿ ನಿಜವಾದ ರಿಸ್ಕ್ ಸೂಜಿಯಲ್ಲಿಲ್ಲ, ಪಿಎಚ್‌ಕ್ಯೂ-9 ಹಾಳೆಯ ಕೊನೇ ಪ್ರಶ್ನೆಯಲ್ಲಿದೆ. ಒಂಬತ್ತನೇ ಪ್ರಶ್ನೆ ಏನು ಕೇಳುತ್ತೆ ಅಂತ ಇನ್ನೊಂದ್ಸಲ ಓದಿ. ಕಳೆದ ಎರಡು ವಾರದಲ್ಲಿ ಸತ್ತರೇ ಒಳ್ಳೇದು ಅನ್ನೋ ಯೋಚನೆ, ಇಲ್ಲಾ ತನಗೆ ತಾನೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಎಷ್ಟು ಸಲ ಬಂದಿತ್ತು ಅಂತ. ಉತ್ತರ ಸೊನ್ನೆಯಿಂದ ಮೂರರವರೆಗೆ. ಒಬ್ಬ ಪೇಷಂಟ್ ಅಲ್ಲಿ "2" ಅಂತ ಗುರುತು ಹಾಕ್ತಾರೆ, ನಿಮ್ಮ ಅಸಿಸ್ಟೆಂಟ್ ಹಾಳೆ ಇಸ್ಕೊಂಡು ಫೈಲಿಗೆ ಹಾಕ್ತಾರೆ, ತಿಂಗಳ ಕೊನೇಲಿ ಎಲ್ಲಾ ಒಟ್ಟಿಗೆ ಎಕ್ಸೆಲ್‌ಗೆ ಏರಿಸ್ತಾರೆ. ಆ ಹೊತ್ತಿಗೆ ಪೇಷಂಟ್ ಡಿಸ್ಚಾರ್ಜ್ ಆಗಿ ಎಷ್ಟೋ ದಿನ ಆಗಿರುತ್ತೆ. ಅವರು ನಿಮಗೆ ಹೇಳಿದ್ರು, ಬರವಣಿಗೆಯಲ್ಲಿ ಹೇಳಿದ್ರು, ಆದ್ರೆ ಯಾರೂ ನೋಡಲಿಲ್ಲ. ಕಮಿಟಿಯಲ್ಲಿ ಕೂತಿರೋರಿಗೆ ನಿಮ್ಮ ಪ್ರೋಟೋಕಾಲ್ ಓದಿದ ತಕ್ಷಣ ಕಾಣೋ ಚಿತ್ರ ಇದು. "ಯಾವುದೇ ಅಪಾಯವಿಲ್ಲ" ಅನ್ನೋ ಸಾಲು ಅಲ್ಲೇ ಬಿದ್ದುಹೋಗುತ್ತೆ.

ಹಾಗಂತ ಆ ಪ್ರಶ್ನೆ ಕೇಳೋದ್ರಿಂದಲೇ ಪೇಷಂಟಿಗೆ ಆ ಯೋಚನೆ ಬಂದುಬಿಡುತ್ತೆ ಅಂತ ಹೆದರಬೇಡಿ, ಕೇಳೋದ್ರಿಂದ ಆತ್ಮಹತ್ಯೆಯ ಯೋಚನೆ ಹೆಚ್ಚಾಗಲ್ಲ ಅಂತ ಸಂಶೋಧನೆಗಳು ತೋರಿಸಿವೆ. ರಿಸ್ಕ್ ಇರೋದು ಕೇಳಿ ಸುಮ್ಮನಾಗೋದ್ರಲ್ಲಿ. ಆದ್ದರಿಂದ ನನ್ನ ಸಲಹೆ ಇಷ್ಟು: ಸಮ್ಮರಿಯ ರಿಸ್ಕ್, ಕನ್ಸೆಂಟ್, ಪ್ರೈವೆಸಿ ಮೂರನ್ನೂ ಬೇರೆಬೇರೆ ಖಾನೆ ಅಂತ ತುಂಬಬೇಡಿ, ಈ ಒಂದು ಪ್ರಶ್ನೆಯನ್ನ ಕೈಯಲ್ಲಿ ಹಿಡ್ಕೊಂಡು ಮೂರೂ ಕಡೆ ಹೋಗಿ ಬನ್ನಿ, ಎಲ್ಲೆಲ್ಲಿ ಏನು ಬರೀಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ಮೊದಲು ರಿಸ್ಕ್. ಇಲ್ಲಿ ಕಾಯಿಲೆಯ ಅಪಾಯ, ಟ್ರೀಟ್‌ಮೆಂಟಿನ ಅಪಾಯ ಬರೆಯೋ ಅವಶ್ಯಕತೆ ಇಲ್ಲ, ಹಾರ್ಟ್ ಫೇಲ್ಯೂರ್ ಇರೋರಿಗೆ ಹೇಗೂ ಆಗಬಹುದಾದದ್ದನ್ನೆಲ್ಲ ಪಟ್ಟಿ ಮಾಡಿ ಪುಟ ತುಂಬಿಸೋರನ್ನ ತುಂಬಾ ನೋಡಿದ್ದೀನಿ. ಕಮಿಟಿಗೆ ಬೇಕಾಗಿರೋದು, ಈ ಸ್ಟಡಿಗೆ ಸೇರಿದ್ದರಿಂದ ಪೇಷಂಟಿಗೆ ಹೆಚ್ಚುವರಿಯಾಗಿ ಏನಾಗಬಹುದು ಅನ್ನೋದು. ರಕ್ತದ ವಿಷಯ ತಗೊಳ್ಳಿ. ಬೆಳಿಗ್ಗೆ ಹೇಗೂ ರೊಟೀನ್ ಟೆಸ್ಟ್‌ಗೆ ರಕ್ತ ತೆಗೀತಾರೆ, ಅದೇ ಸೂಜಿಯಿಂದ 5 ಎಂಎಲ್ ಜಾಸ್ತಿ ತಗೊಂಡ್ರೆ ಹೊಸದಾಗಿ ಚುಚ್ಚೋದೇ ಇಲ್ಲ, ಸ್ಟಡಿಯಿಂದ ಬರೋ ಹೆಚ್ಚುವರಿ ರಿಸ್ಕ್ ತೀರಾ ಕಡಿಮೆ. ಅದೇ ನೀವು ಮಧ್ಯಾಹ್ನ ಬೇರೆಯಾಗಿ ಚುಚ್ಚೋದಾದ್ರೆ ನೋವು, ಕಂದಿದ ಕಲೆ, ಕೆಲವರಿಗೆ ತಲೆಸುತ್ತು, ಅಪರೂಪಕ್ಕೆ ಇನ್ಫೆಕ್ಷನ್, ಇಷ್ಟೂ ನಿಮ್ಮ ಲೆಕ್ಕಕ್ಕೇ ಬರುತ್ತೆ, ಅದರಲ್ಲೂ ನಿಮ್ಮ ಪೇಷಂಟ್‌ಗಳಲ್ಲಿ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಇದ್ದೇ ಇರ್ತಾರೆ, ಅವರಿಗೆ ಕಲೆ ಜಾಸ್ತಿ ಆಗುತ್ತೆ. ಎರಡರಲ್ಲಿ ಯಾವುದು ಅಂತ ಸಮ್ಮರಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ. ಸಾಧ್ಯ ಇದ್ರೆ ಮೊದಲನೇದನ್ನೇ ಮಾಡಿ. ಹಿಮೋಗ್ಲೋಬಿನ್ ತೀರಾ ಕಡಿಮೆ ಇರೋರಿಂದ ತಗೊಳ್ಳಲ್ಲ ಅಂತಿದ್ರೆ ಎಷ್ಟಕ್ಕಿಂತ ಕಡಿಮೆ ಅನ್ನೋ ಮಿತಿನೂ ಹಾಕಿ.

ಈಗ ಒಂಬತ್ತನೇ ಪ್ರಶ್ನೆಗೆ ಬನ್ನಿ. ಇಲ್ಲಿ "ಅಗತ್ಯವಿದ್ದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆದ್ರೆ ಮತ್ತೆ ವಾಪಸ್ ಬರೋದು ಗ್ಯಾರಂಟಿ. ಯಾರು, ಯಾವಾಗ, ಎಷ್ಟರೊಳಗೆ ಅಂತ ಇರಬೇಕು. ನಾನಾದ್ರೆ ಹೀಗೆ ಬರೀತೀನಿ:

"ಪೇಷಂಟ್ ಪಿಎಚ್‌ಕ್ಯೂ-9 ತುಂಬಿದ ತಕ್ಷಣ, ಅವರ ಎದುರಿಗೇ, ಸಂಶೋಧಕರು ಒಂಬತ್ತನೇ ಪ್ರಶ್ನೆಯ ಉತ್ತರ ನೋಡುತ್ತಾರೆ. ಸೊನ್ನೆ ಬಿಟ್ಟು ಬೇರೆ ಯಾವ ಉತ್ತರವಿದ್ದರೂ ಪೇಷಂಟ್ ಜೊತೆ ಅಲ್ಲೇ ಮಾತಾಡಿ, ಟ್ರೀಟ್ ಮಾಡುತ್ತಿರುವ ಡಾಕ್ಟರಿಗೆ ಅದೇ ಹೊತ್ತಿನಲ್ಲಿ ತಿಳಿಸುತ್ತಾರೆ. ಮಾನಸಿಕ ಆರೋಗ್ಯ ವಿಭಾಗದ ಡಾಕ್ಟರು ಅದೇ ದಿನ ಪೇಷಂಟನ್ನು ನೋಡುತ್ತಾರೆ, ಇದಕ್ಕೆ ಆ ವಿಭಾಗದ ಒಪ್ಪಿಗೆ ಪತ್ರ ಲಗತ್ತಿಸಿದೆ. ಅಲ್ಲಿಯವರೆಗೆ ಪೇಷಂಟನ್ನು ಒಬ್ಬರನ್ನೇ ಬಿಡುವುದಿಲ್ಲ. ಒಟ್ಟು ಸ್ಕೋರ್ 10 ಅಥವಾ ಹೆಚ್ಚಿದ್ದವರ ವಿಷಯವನ್ನೂ ಡಿಸ್ಚಾರ್ಜ್‌ಗೆ ಮೊದಲು ಡಾಕ್ಟರಿಗೆ ತಿಳಿಸಲಾಗುವುದು."

ಅದರಲ್ಲಿ ಒಪ್ಪಿಗೆ ಪತ್ರದ ಸಾಲು ಕಣ್ಣಿಗೆ ಸಣ್ಣದಾಗಿ ಕಂಡರೂ ಭಾರ ಪೂರ್ತಿ ಅದರ ಮೇಲೇ ಇದೆ. ಆ ವಿಭಾಗದವರಿಗೆ ನಿಮ್ಮ ಸ್ಟಡಿ ವಿಷಯನೇ ಗೊತ್ತಿಲ್ಲ ಅಂದ್ರೆ ನೀವು ಬರೆದ ಪ್ಲಾನ್ ಕಾಗದದಲ್ಲೇ ಉಳಿಯುತ್ತೆ. ನಿಮ್ಮ ಆಸ್ಪತ್ರೆಯಲ್ಲಿ ಅಂಥ ವಿಭಾಗ ಇಲ್ಲ ಅಂತಾದ್ರೆ ಯಾರ ಹತ್ರ ಕಳಿಸ್ತೀರಿ, ಅಲ್ಲಿಗೆ ಹೇಗೆ ತಲುಪ್ತಾರೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಅದೂ ಆಗಲ್ಲ ಅಂದ್ರೆ ಇನ್ನೊಂದು ದಾರಿ ಇದೆ, ಪಿಎಚ್‌ಕ್ಯೂ-8 ಅಂತ ಬರುತ್ತೆ, ಒಂಬತ್ತನೇ ಪ್ರಶ್ನೆ ಬಿಟ್ಟಿರೋದು, ಒಟ್ಟು ಸ್ಕೋರ್ 27ರ ಬದಲು 24ಕ್ಕೆ. ನಿಮಗೆ ಬೇಕಾಗಿರೋದು ಡಿಪ್ರೆಶನ್ ಸ್ಕೋರ್ ಮಾತ್ರ ಆಗಿದ್ರೆ ಅದು ಸಾಕಾಗಬಹುದು. ನೋಡ್ಕೊಳ್ಳೋಕೆ ಯಾರೂ ಇಲ್ಲದ ಕಡೆ ಆ ಪ್ರಶ್ನೆ ಕೇಳೋದಕ್ಕಿಂತ ಕೇಳದೇ ಇರೋದು ಪ್ರಾಮಾಣಿಕ ಅಂತ ನನ್ನ ಅಭಿಪ್ರಾಯ, ಆದ್ರೆ ಎಂಟೇ ಪ್ರಶ್ನೆ ಕೇಳಿದ್ರೂ ಸ್ಕೋರ್ ಜಾಸ್ತಿ ಬಂದೋರ ಹೊಣೆ ನಿಮ್ಮಿಂದ ತಪ್ಪಲ್ಲ.

ಮೂರು ತಿಂಗಳ ಫೋನ್ ಕಾಲ್ ಇನ್ನೂ ಕಷ್ಟ, ಯಾಕಂದ್ರೆ ಪೇಷಂಟ್ ನಿಮ್ಮ ಎದುರಿಗಿಲ್ಲ. ಅಲ್ಲಿ ಒಂಬತ್ತನೇ ಪ್ರಶ್ನೆಗೆ ಹೌದು ಅಂದ್ರೆ ಫೋನ್ ಇಡೋ ಹಾಗಿಲ್ಲ. ಈಗ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ ಅಂತ ಕೇಳಬೇಕು, ಸೀನಿಯರ್ ಡಾಕ್ಟರನ್ನ ಅದೇ ಕಾಲ್‌ಗೆ ಸೇರಿಸಿಕೊಳ್ಳಬೇಕು. ಅಂದ್ರೆ ಕಾಲ್ ಮಾಡೋ ಹೊತ್ತಲ್ಲಿ ಆ ಡಾಕ್ಟರ್ ಸಿಗೋ ಹಾಗಿರಬೇಕು, ಭಾನುವಾರ ಸಂಜೆ ಪುರುಸೊತ್ತು ಸಿಕ್ತು ಅಂತ ಮನೆಯಿಂದ ಒಬ್ಬರೇ ಕೂತು ಕಾಲ್ ಮಾಡೋ ಹಾಗಿಲ್ಲ. "ಕಾಲ್‌ಗಳನ್ನು ಕೆಲಸದ ದಿನಗಳಲ್ಲಿ, ಜವಾಬ್ದಾರಿ ಹೊತ್ತ ಡಾಕ್ಟರು ಲಭ್ಯವಿರುವ ಸಮಯದಲ್ಲಿ ಮಾತ್ರ ಮಾಡಲಾಗುವುದು" ಅಂತ ಒಂದು ಸಾಲು ಹಾಕಿ, ಈ ಒಂದು ಸಾಲಿಂದ ನೀವು ಕೂತು ಯೋಚನೆ ಮಾಡಿದ್ದೀರಿ ಅಂತ ಕಮಿಟಿಗೆ ಗೊತ್ತಾಗುತ್ತೆ.

ಇನ್ನು ಕನ್ಸೆಂಟ್. ಒಂಬತ್ತನೇ ಪ್ರಶ್ನೆಗೆ ಸೊನ್ನೆ ಅಲ್ಲದ ಉತ್ತರ ಬಂದ್ರೆ ಡಾಕ್ಟರಿಗೆ ಹೇಳ್ತೀನಿ ಅಂತ ರಿಸ್ಕ್ ಭಾಗದಲ್ಲಿ ಬರೆದ್ರಿ ಅಲ್ವಾ, ಅದನ್ನ ಪೇಷಂಟಿಗೆ ಮೊದಲೇ ಹೇಳಿದ್ದೀರಾ? ಕನ್ಸೆಂಟ್ ಫಾರ್ಮ್‌ನಲ್ಲಿ "ನಿಮ್ಮ ಉತ್ತರ ಯಾರಿಗೂ ತಿಳಿಸಲ್ಲ" ಅಂತ ಇದ್ದು, ಆಮೇಲೆ ನೀವು ಹೋಗಿ ಡಾಕ್ಟರಿಗೆ ಹೇಳಿದ್ರೆ ಒಳ್ಳೇದಕ್ಕೇ ಮಾಡಿದ್ರೂ ಕೊಟ್ಟ ಮಾತು ಮುರಿದ ಹಾಗೇ. ಅದಕ್ಕೇ ಫಾರ್ಮ್‌ನಲ್ಲಿ ಹೀಗೆ ಸರಳವಾಗಿ ಬರೀಬೇಕು: "ನಿಮ್ಮ ಉತ್ತರಗಳನ್ನು ನಾವು ಹೊರಗೆ ಹೇಳುವುದಿಲ್ಲ. ಒಂದೇ ಒಂದು ಸಂದರ್ಭ ಬಿಟ್ಟು: ನಿಮ್ಮ ಸ್ಕೋರ್ ಹೆಚ್ಚಿದ್ದರೆ ಅಥವಾ ನಿಮ್ಮ ಜೀವಕ್ಕೆ ಅಪಾಯ ಇರಬಹುದು ಅನ್ನಿಸಿದರೆ, ನಿಮಗೆ ಹೇಳಿ ನಿಮ್ಮ ಡಾಕ್ಟರಿಗೆ ತಿಳಿಸುತ್ತೇವೆ." ಇದನ್ನ ಓದಿ ಕೆಲವರು ಬೇಡ ಅನ್ನಬಹುದು, ಕೆಲವರು ಸೇರಿಯೂ ಆ ಪ್ರಶ್ನೆಗೆ ಸೊನ್ನೆ ಹಾಕಬಹುದು. ನಿಮ್ಮ ರಿಸಲ್ಟ್‌ಗೆ ಅದರಿಂದ ಸ್ವಲ್ಪ ಪೆಟ್ಟು ಬೀಳುತ್ತೆ ನಿಜ. ಆ ಪೆಟ್ಟು ತಗೋಬೇಕು, ಅದನ್ನ ಲಿಮಿಟೇಶನ್ ಅಂತ ಬರ್ಕೊಳ್ಳಬೇಕು, ಮುಚ್ಚಿಟ್ಟು ಉತ್ತರ ತೆಗೆಯೋದು ದಾರಿ ಅಲ್ಲ.

ಕನ್ಸೆಂಟ್ ಯಾರು ತಗೋತಾರೆ ಅನ್ನೋದು ಮುಂದಿನ ವಿಷಯ. ನೀವು ಅದೇ ವಾರ್ಡಿನ ಡಾಕ್ಟರ್ ಅಂತ ಅನ್ಕೋತೀನಿ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಅವರ ಇಂಜೆಕ್ಷನ್ ಬರೆದ ನೀವೇ ಹತ್ತು ನಿಮಿಷ ಬಿಟ್ಟು ಬಂದು "ಒಂದು ಸ್ಟಡಿ ಇದೆ, ಸೈನ್ ಮಾಡ್ತೀರಾ" ಅಂದ್ರೆ ಅವರ ಮನಸ್ಸಲ್ಲಿ ಬರೋದು ಒಂದೇ, ಬೇಡ ಅಂದ್ರೆ ಡಾಕ್ಟರ್ ಬೇಜಾರು ಮಾಡ್ಕೊಂಡು ನನ್ನನ್ನ ಸರಿಯಾಗಿ ನೋಡಲ್ವೇನೋ. ನೀವು ಎಷ್ಟೇ ಮೆತ್ತಗೆ ಕೇಳಿದ್ರೂ ಇದು ಹೋಗಲ್ಲ. 1964ರಲ್ಲಿ ಬಂದು 2024ರವರೆಗೂ ಪರಿಷ್ಕಾರ ಆಗ್ತಾ ಬಂದಿರೋ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿ ಹೇಳೋ ಹೆಲ್ಸಿಂಕಿ ಡಿಕ್ಲರೇಶನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಪೇಷಂಟ್ ಡಾಕ್ಟರ ಮೇಲೆ ಅವಲಂಬಿಸಿರೋ ಸಂಬಂಧ ಇದ್ರೆ, ಆ ಸಂಬಂಧದಿಂದ ಹೊರಗಿರೋ, ವಿಷಯ ಗೊತ್ತಿರೋ ಇನ್ನೊಬ್ಬರು ಒಪ್ಪಿಗೆ ಕೇಳಬೇಕು. ಸಣ್ಣ ಆಸ್ಪತ್ರೆಯಲ್ಲಿ ಅಂಥೋರು ಯಾರು ಸಿಗ್ತಾರೆ ಅಂತ ಕೇಳ್ತೀರಿ. ಬೇರೆ ಯೂನಿಟ್‌ನ ಪಿಜಿ ಇರಬಹುದು, ಆ ವಾರ್ಡಲ್ಲಿ ಡ್ಯೂಟಿ ಇಲ್ಲದ ರಿಸರ್ಚ್ ನರ್ಸ್ ಇರಬಹುದು, ಸ್ಟಡಿ ಪೂರ್ತಿ ಗೊತ್ತಿದ್ದು ಪ್ರಶ್ನೆಗೆ ಉತ್ತರ ಕೊಡೋ ಹಾಗಿದ್ರೆ ಸಾಕು. ನೀವು ಪರಿಚಯ ಮಾಡಿಕೊಟ್ಟು ಅಲ್ಲಿಂದ ಹೊರಟುಬಿಡಿ. ಸಮ್ಮರಿಯಲ್ಲಿ ಅವರ ಹುದ್ದೆ ಬರೀರಿ.

ಯಾವಾಗ ಅನ್ನೋದೂ ಅಷ್ಟೇ ಮುಖ್ಯ. ಉಸಿರಾಡೋಕೆ ಕಷ್ಟ ಪಡ್ತಾ, ಆಕ್ಸಿಜನ್ ಮಾಸ್ಕ್ ಹಾಕ್ಕೊಂಡು ಎಮರ್ಜೆನ್ಸಿಯಲ್ಲಿ ಕೂತಿರೋರು ಎಂಥ ಕಾಗದಕ್ಕಾದ್ರೂ ಸೈನ್ ಹಾಕ್ತಾರೆ, ಅದನ್ನ ಒಪ್ಪಿಗೆ ಅನ್ನೋಕಾಗಲ್ಲ. ವಾರ್ಡಿಗೆ ಬಂದು, ಉಸಿರು ಸುಧಾರಿಸಿ, ಎದ್ದು ಕೂತು ಮಾತಾಡೋ ಹಾಗಾದ ಮೇಲೆ ಕೇಳ್ತೀವಿ ಅಂತ ಬರೀರಿ, ಆ ಸ್ಥಿತಿಗೆ ಬಂದಿದ್ದಾರೆ ಅಂತ ನಿರ್ಧಾರ ಮಾಡೋರು ಯಾರು ಅಂತಲೂ. ಮಾಹಿತಿ ಹಾಳೆ ಒಂದು ದಿನ ಅವರ ಹತ್ರ ಇರಲಿ, ಮನೆಯವರ ಜೊತೆ ಮಾತಾಡ್ಲಿ, ಮಾರನೇ ದಿನ ಬಂದು ಕೇಳಿ. ನಿಮ್ಮ ಸ್ಟಡಿಯಲ್ಲಿ ಅವಸರ ಏನೂ ಇಲ್ಲ. ಸೈನ್‌ಗೆ ಮೊದಲು ಅವರ ಬಾಯಿಂದಲೇ ಹೇಳಿಸಿ: ಈ ಸ್ಟಡಿಯಲ್ಲಿ ನಿಮಗೆ ಏನು ಮಾಡ್ತಾರೆ, ಬೇಡ ಅಂದ್ರೆ ಏನಾಗುತ್ತೆ, ಇದರಿಂದ ನಿಮ್ಮ ಹಾರ್ಟ್‌ಗೆ ಏನಾದ್ರೂ ಗುಣ ಆಗುತ್ತಾ? ಮೂರನೇದಕ್ಕೆ "ಹೌದು, ಸ್ಪೆಷಲ್ ಟೆಸ್ಟ್ ಮಾಡಿ ಗುಣ ಮಾಡ್ತಾರೆ" ಅಂದ್ರೆ ಅವರಿಗೆ ಅರ್ಥ ಆಗಿಲ್ಲ, ಮತ್ತೆ ಮೊದಲಿಂದ ಹೇಳಿ. ಸ್ಟಡಿಯನ್ನ ಟ್ರೀಟ್‌ಮೆಂಟ್ ಅಂತ ತಿಳ್ಕೊಳ್ಳೋದು ಆಸ್ಪತ್ರೆ ಸ್ಟಡಿಗಳಲ್ಲಿ ತುಂಬಾ ಸಾಮಾನ್ಯ, ಅದಕ್ಕೇ ನೇರ ಲಾಭ ಇಲ್ಲ ಅನ್ನೋದನ್ನ ಫಾರ್ಮ್‌ನಲ್ಲಿ ಮೇಲೇ, ದಪ್ಪ ಅಕ್ಷರದಲ್ಲಿ ಇಡಿ.

ಓದು ಬರಹ ಬರದೋರಿಗೆ ಪೂರ್ತಿ ಫಾರ್ಮ್ ಓದಿ ಹೇಳಬೇಕು, ಸ್ಟಡಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಶುರುವಿಂದ ಕೊನೇವರೆಗೂ ಪಕ್ಕದಲ್ಲಿರಬೇಕು, ಹೆಬ್ಬೆಟ್ಟಿನ ಗುರುತಿನ ಜೊತೆ ಸಾಕ್ಷಿಯ ಸಹಿ. ಕೊನೇಲಿ ಸಹಿಗೆ ಮಾತ್ರ ಯಾರನ್ನೋ ಕರೆಯೋದು ಸಾಕ್ಷಿ ಅಲ್ಲ.

ಕೈಬಿಡೋ ಹಕ್ಕಿನ ಬಗ್ಗೆ "ಯಾವಾಗ ಬೇಕಾದರೂ ಹಿಂದೆ ಸರಿಯಬಹುದು" ಅಂತ ಎಲ್ರೂ ಬರೀತಾರೆ. ಸರಿದ ಮೇಲೆ ಅವರ ರಕ್ತ, ಅವರ ಉತ್ತರ ಏನಾಗುತ್ತೆ? ನಿಮ್ಮದು ಕೋಡ್ ಡೇಟಾ ಆಗಿರೋದ್ರಿಂದ ತೆಗೆಯೋಕೆ ಸಾಧ್ಯ ಇದೆ, ಆದ್ರೆ ಹೆಸರು ಕೋಡ್ ಸೇರಿಸೋ ಪಟ್ಟಿ ನಾಶ ಮಾಡಿದ ಮೇಲೆ ಸಾಧ್ಯ ಇಲ್ಲ. ಆ ದಿನಾಂಕದವರೆಗೆ ಹೇಳಿದ್ರೆ ಡೇಟಾ ತೆಗೆದು ಸ್ಯಾಂಪಲ್ ನಾಶ ಮಾಡ್ತೀವಿ, ಆಮೇಲೆ ಆಗಲ್ಲ ಅಂತ ದಿನಾಂಕ ಸಮೇತ ಹೇಳಿಬಿಡಿ.

ಈಗ ಪ್ರೈವೆಸಿ. ಪಾಸ್‌ವರ್ಡ್, ಬೀಗ ಹಾಕಿದ ಕಪಾಟು ಇದೆಲ್ಲ ಬರೀರಿ, ಆದ್ರೆ ನಿಮ್ಮ ಸ್ಟಡಿಯಲ್ಲಿ ಗುಟ್ಟು ಹೊರಗೆ ಹೋಗೋದು ಕಂಪ್ಯೂಟರಿಂದ ಅಲ್ಲ, ಮೊದಲು ವಾರ್ಡಿಂದ. ಹಾಸಿಗೆ ಪಕ್ಕ ನಿಂತು "ಸಾಯಬೇಕು ಅನ್ನಿಸಿತ್ತಾ" ಅಂತ ಜೋರಾಗಿ ಓದಿ ಕೇಳಿದ್ರೆ ಆಚೆ ಹಾಸಿಗೆಯವರಿಗೂ ಕೇಳುತ್ತೆ, ಮಗ ಅಥವಾ ಸೊಸೆ ಪಕ್ಕದಲ್ಲೇ ಇದ್ರೆ ಪೇಷಂಟ್ ಬಾಯೇ ಬಿಡಲ್ಲ, ಇಲ್ಲಾ ಮನೆಯವರೇ "ಅಂಥದ್ದೆಲ್ಲ ಏನೂ ಇಲ್ಲ" ಅಂತ ಉತ್ತರ ಕೊಟ್ಟುಬಿಡ್ತಾರೆ. ಇಲ್ಲಿ ಪ್ರೈವೆಸಿ ಇಲ್ಲ ಅಂದ್ರೆ ಡೇಟಾನೂ ಸುಳ್ಳಾಗುತ್ತೆ. ಪ್ರತ್ಯೇಕ ರೂಮಲ್ಲಿ, ಮನೆಯವರಿಲ್ಲದ ಹೊತ್ತಲ್ಲಿ ಕೇಳ್ತೀವಿ ಅಂತ ಬರೀರಿ, ಓದಬಲ್ಲೋರಾದ್ರೆ ಹಾಳೆ ಅವರ ಕೈಗೇ ಕೊಡಿ.

ಫೋನ್ ಕಾಲೂ ಹಾಗೇ. ಆ ನಂಬರ್ ಬಹಳ ಸಲ ಮಗಳದ್ದೋ ಪಕ್ಕದ ಮನೆಯವರದ್ದೋ ಆಗಿರುತ್ತೆ. ಬೇರೆಯವರು ಎತ್ತಿದಾಗ "ಡಿಪ್ರೆಶನ್ ಸ್ಟಡಿಯಿಂದ ಮಾತಾಡ್ತಿದ್ದೀನಿ" ಅಂದ್ರೆ ಮುಗೀತು. "ಆಸ್ಪತ್ರೆಯಿಂದ ಫಾಲೋಅಪ್‌ಗೆ ಕಾಲ್ ಮಾಡಿದ್ದು, ಅವರು ಸಿಕ್ಕಾಗ ಮಾಡ್ತೀನಿ" ಇಷ್ಟೇ ಹೇಳ್ಬೇಕು, ಪೇಷಂಟೇ ಎತ್ತಿದ್ರೂ ಈಗ ಒಬ್ಬರೇ ಇದ್ದೀರಾ, ಮಾತಾಡಬಹುದಾ ಅಂತ ಕೇಳಿ ಶುರು ಮಾಡ್ಬೇಕು. ಈ ಮಾತುಗಳನ್ನ ಹಾಳೆಯಲ್ಲಿ ಬರೆದು ಅಪ್ಲಿಕೇಶನ್ ಜೊತೆ ಇಡಿ. ಯಾವ ನಂಬರಿಗೆ ಮಾಡಬಹುದು, ಮೆಸೇಜ್ ಬಿಡಬಹುದಾ ಅಂತ ಕನ್ಸೆಂಟ್ ಹೊತ್ತಲ್ಲೇ ಕೇಳಿ ಬರ್ಕೊಳ್ಳಿ.

ಕೋಡ್ ವಿಷಯ. ಹೆಸರಿನ ಮೊದಲಕ್ಷರ, ಹುಟ್ಟಿದ ದಿನಾಂಕ, ಆಸ್ಪತ್ರೆ ನಂಬರ್ ಇವುಗಳಿಂದ ಕೋಡ್ ಮಾಡಬೇಡಿ, ಸುಮ್ಮನೆ 01ರಿಂದ 30 ಸಾಕು, ಅದೂ ಅಡ್ಮಿಟ್ ಆದ ಕ್ರಮದಲ್ಲಿ ಬೇಡ. ಕೋಡ್ ಯಾರದ್ದು ಅಂತ ಹೇಳೋ ಪಟ್ಟಿ ಒಂದೇ ಪ್ರತಿ, ಡೇಟಾ ಇರೋ ಕಂಪ್ಯೂಟರಲ್ಲಿ ಅಲ್ಲ, ಬೇರೆ ಕಡೆ, ನಿಮ್ಮ ಮತ್ತು ಗೈಡ್ ಕೈಗೆ ಮಾತ್ರ ಸಿಗೋ ಹಾಗೆ. ಸಹಿ ಮಾಡಿದ ಕನ್ಸೆಂಟ್ ಫಾರ್ಮ್‌ನಲ್ಲಿ ಹೆಸರಿರುತ್ತೆ, ಅದನ್ನೂ ಪಿಎಚ್‌ಕ್ಯೂ ಹಾಳೆ ಜೊತೆ ಒಂದೇ ಫೈಲಲ್ಲಿ ಹಾಕಬೇಡಿ, ಹಾಗೆ ಹಾಕಿದ್ರೆ ಕೋಡ್ ಕೊಟ್ಟಿದ್ದೇ ದಂಡ. ಕೇಸ್‌ಶೀಟ್ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕೋ ಅಭ್ಯಾಸ ಇದ್ರೆ ಈ ಸ್ಟಡಿಗೆ ಅದು ಇಲ್ಲ ಅಂತ ಟೀಮ್‌ಗೆ ಹೇಳಿ, ಸಮ್ಮರಿಯಲ್ಲೂ ಬರೀರಿ.

30 ಜನ ಅನ್ನೋ ಸಂಖ್ಯೆಯಿಂದಲೇ ಬರೋ ತೊಂದರೆಯೊಂದಿದೆ, ಸಣ್ಣ ಸ್ಟಡಿ ಮಾಡೋರು ಹೆಚ್ಚಾಗಿ ಬಿಡೋದು ಇದನ್ನೇ. ಹೆಸರು ತೆಗೆದ ನಿಮ್ಮ ಶೀಟಲ್ಲಿ ವಯಸ್ಸು 91, ಹೆಂಗಸು, ಅಡ್ಮಿಟ್ ಆದ ದಿನಾಂಕ, ಒಂಬತ್ತನೇ ಪ್ರಶ್ನೆಗೆ 1 ಅಂತ ಒಂದು ಸಾಲಿದೆ ಅನ್ಕೊಳ್ಳಿ. ಆ ವಾರ್ಡಲ್ಲಿ ಕೆಲಸ ಮಾಡೋ ಯಾರಿಗಾದ್ರೂ ಅದು ಯಾರು ಅಂತ ಹೇಳೋಕೆ ಒಂದು ಕ್ಷಣ ಸಾಕು. ಮೂರು ಸಾವಿರ ಜನರ ಸ್ಟಡಿಯಲ್ಲಿ ಮರೆಯಾಗೋ ಮಾಹಿತಿ ಮೂವತ್ತರಲ್ಲಿ ಮರೆಯಾಗಲ್ಲ. ಆದ್ದರಿಂದ ವಯಸ್ಸನ್ನ ಗುಂಪಾಗಿ ಹಾಕಿ, 75 ಮತ್ತು ಮೇಲ್ಪಟ್ಟು ಅಂತ ಒಂದು ಗುಂಪು ಇರಲಿ. ದಿನಾಂಕದ ಬದಲು ಅಡ್ಮಿಟ್ ಆಗಿ ಎಷ್ಟನೇ ದಿನ ಅಂತ ಹಾಕಿ. ವೃತ್ತಿ, ಊರು ನಿಮ್ಮ ಪ್ರಶ್ನೆಗೆ ಬೇಕಿಲ್ಲ ಅಂದ್ರೆ ಕೇಳಲೇಬೇಡಿ, ತಗೊಳ್ಳದ ಮಾಹಿತಿ ಸೋರಲ್ಲ. ಥೀಸಿಸ್‌ನಲ್ಲಿ ಟೇಬಲ್ ಹಾಕೋವಾಗ ಒಬ್ಬರು ಇಬ್ಬರೇ ಇರೋ ಖಾನೆಗಳನ್ನ ಪಕ್ಕದ ಗುಂಪಿಗೆ ಸೇರಿಸಿ, ಒಂಬತ್ತನೇ ಪ್ರಶ್ನೆಯ ಉತ್ತರವನ್ನ ವಯಸ್ಸು, ಲಿಂಗದ ಪ್ರಕಾರ ಒಡೆದು ತೋರಿಸಲೇಬೇಡಿ.

ಎಕ್ಸ್ಟ್ರಾ ರಕ್ತದ ಬಗ್ಗೆ ಎರಡು ಮಾತು ಬಾಕಿ ಇದೆ. ಅದರಲ್ಲಿ ಯಾವ ಟೆಸ್ಟ್, ಉಳಿದದ್ದು ಏನಾಗುತ್ತೆ ಅಂತ ಬರೀರಿ. ಮುಂದೆ ಬೇರೆ ಸ್ಟಡಿಗೆ ಬೇಕಾಗಬಹುದು ಅಂತ ಇಟ್ಟುಕೊಳ್ಳೋದಾದ್ರೆ ಅದಕ್ಕೆ ಕನ್ಸೆಂಟ್ ಫಾರ್ಮ್‌ನಲ್ಲಿ ಹೌದು ಇಲ್ಲ ಅಂತ ಬೇರೆಯೇ ಆಯ್ಕೆ ಇರಬೇಕು, ಇಲ್ಲ ಅಂದೋರನ್ನೂ ಸ್ಟಡಿಗೆ ಸೇರಿಸ್ಕೋಬೇಕು. ಟೆಸ್ಟಲ್ಲಿ ಡಾಕ್ಟರಿಗೆ ಗೊತ್ತಾಗಲೇಬೇಕಾದ ಏನಾದ್ರೂ ಕಂಡರೆ ಯಾರು ತಿಳಿಸ್ತಾರೆ ಅಂತಲೂ ಒಂದು ಸಾಲು ಹಾಕಿ.

ಎಲ್ಲಾ ಸೇರಿ ಎರಡು ಪುಟ ಮೀರಲ್ಲ. ಬರೆದಾದ ಮೇಲೆ ಸಮ್ಮರಿ, ಪ್ರೋಟೋಕಾಲ್, ಕನ್ಸೆಂಟ್ ಫಾರ್ಮ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ 5 ಎಂಎಲ್ ಇನ್ನೊಂದರಲ್ಲಿ 10, ಒಂದರಲ್ಲಿ ಕೋಡ್ ಇನ್ನೊಂದರಲ್ಲಿ ಇನ್ನೂ ಅನಾನಿಮಸ್ ಅಂತ ಉಳಿದಿರುತ್ತೆ, ಅದಕ್ಕೇ ಮತ್ತೆ ವಾಪಸ್ ಬರುತ್ತೆ. ಕನ್ಸೆಂಟ್ ಫಾರ್ಮ್‌ಗೆ ಹೊಸ ವರ್ಷನ್ ನಂಬರ್, ದಿನಾಂಕ ಹಾಕಿ, ಕಮಿಟಿ ಕೇಳಿದ ಒಂದೊಂದಕ್ಕೂ ಯಾವ ಪುಟದಲ್ಲಿ ಏನು ಬದಲಾಯಿಸಿದ್ದೀರಿ ಅಂತ ಕವರ್ ಲೆಟರ್‌ನಲ್ಲಿ ತಿಳಿಸಿ. ಅಪ್ರೂವಲ್ ಸಿಕ್ಕ ಮೇಲೆ ಕಾಲ್ ಬದಲು ಮೆಸೇಜಲ್ಲಿ ಪ್ರಶ್ನೆ ಕಳಿಸೋಣ ಅಂತೇನಾದ್ರೂ ಅನ್ನಿಸಿದ್ರೆ, ಮೊದಲು ಅಮೆಂಡ್‌ಮೆಂಟ್ ಹಾಕಿ ಒಪ್ಪಿಗೆ ತಗೊಂಡೇ ಶುರು ಮಾಡಿ, ಯಾಕಂದ್ರೆ ಮೆಸೇಜಲ್ಲಿ ರಾತ್ರಿ ಹನ್ನೊಂದಕ್ಕೆ ಒಂಬತ್ತನೇ ಪ್ರಶ್ನೆಗೆ "3" ಅಂತ ಉತ್ತರ ಬಂದ್ರೆ ಅದನ್ನ ನೋಡೋರು ಯಾರು ಅಂತ ಕಮಿಟಿ ಕೇಳೇ ಕೇಳುತ್ತೆ.